ಗೈಡ್ "ಓದೋಕೆ ಆಗ್ತಿಲ್ಲ" ಅಂದಿದ್ದಾರೆ: ಪ್ರಬಂಧದ ವಾಕ್ಯ ತಿದ್ದೋದು ಹೇಗೆ?

ಕೆರೆಯಂಗಳ

ಎಲ್ಲರಿಗೂ ನಮಸ್ಕಾರ. ನಾನು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರಬಂಧ ಕನ್ನಡದಲ್ಲೇ ಬರೆಯುತ್ತಿದ್ದೇನೆ. ವಿಷಯ ಕೋಲಾರ ಜಿಲ್ಲೆಯ ನೀರುಗಂಟಿಗಳು. ಕೆರೆಯ ತೂಬು ಎತ್ತಿ, ಸರದಿ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದವರು ಇವರು. ಮೂರನೇ ಅಧ್ಯಾಯ ಓದಿದ ಗೈಡ್ ಮೇಡಂ, "ವಿಷಯ ಚೆನ್ನಾಗಿದೆ, ವಾಕ್ಯ ಓದೋಕೆ ಆಗ್ತಿಲ್ಲ, ತಿದ್ದಿಕೊಂಡು ಬಾ" ಅಂದಿದ್ದಾರೆ. ಸರಳ ಮಾಡಲು ಹೋದರೆ ಪತ್ರಿಕೆಯ ವರದಿ ಥರ ಆಗುತ್ತಿದೆ. ಒಂದು ವಾಕ್ಯ ಇಲ್ಲಿ ಹಾಕಿದ್ದೇನೆ, ದಯವಿಟ್ಟು ನೋಡಿ:

"ಪ್ರಸ್ತುತ ಅಧ್ಯಯನಕ್ಕೆ ಸಂಬಂಧಿಸಿದಂತೆ ಕೋಲಾರ ಜಿಲ್ಲೆಯ ಆಯ್ದ ಗ್ರಾಮಗಳಲ್ಲಿ ಕ್ಷೇತ್ರಕಾರ್ಯವನ್ನು ಕೈಗೊಳ್ಳಲಾಗಿದ್ದು, ಸದರಿ ಗ್ರಾಮಗಳಲ್ಲಿ ಕೊಳವೆಬಾವಿಗಳ ಸಂಖ್ಯೆಯಲ್ಲಿ ಉಂಟಾದ ಗಣನೀಯ ಪ್ರಮಾಣದ ಹೆಚ್ಚಳದ ಪರಿಣಾಮವಾಗಿ ಕೆರೆ ನೀರಿನ ಮೇಲಿನ ಅವಲಂಬನೆಯಲ್ಲಿ ಇಳಿಕೆಯು ಉಂಟಾಗಿರುವುದನ್ನು ಗಮನಿಸಬಹುದಾಗಿದ್ದು, ಇದರಿಂದಾಗಿ ನೀರುಗಂಟಿಗಳ ಪಾತ್ರವು ಕ್ಷೀಣಿಸಲ್ಪಟ್ಟಿದೆ ಎಂಬುದಾಗಿ ಹೇಳಬಹುದಾಗಿದೆ."

ಸರಳಗನ್ನಡ

ಸುಮ್ನೆ ಉದ್ದ ಮಾಡಿದ್ದೀರಿ ಅಷ್ಟೇ. ಮೊದಲು 'ಲಾಗಿದೆ' ಅನ್ನೋದನ್ನೆಲ್ಲ ತೆಗೆದು ಹಾಕಿ. ಆಮೇಲೆ ಸಂಸ್ಕೃತದ ಪದಗಳನ್ನು ತೆಗೆಯಿರಿ. ನನ್ನ ಪ್ರಕಾರ ಇಷ್ಟು ಸಾಕು:

"ಬೋರ್‌ವೆಲ್ ಬಂದ ಮೇಲೆ ಕೋಲಾರದ ನೀರುಗಂಟಿಗಳಿಗೆ ಕೆಲಸ ಇಲ್ಲದಂತಾಯಿತು."

ಯಾರಿಗೆ ಬೇಕಾದರೂ ಅರ್ಥ ಆಗುತ್ತೆ ಅಲ್ವಾ?

ಕರಡು ತಿದ್ದುವವ

ಅರ್ಥ ಆಗುತ್ತೆ. ಆದರೆ ಅದು ಅವರು ಹೇಳಿದ ಮಾತಲ್ಲ. ಅವರು 'ಆಯ್ದ ಗ್ರಾಮಗಳಲ್ಲಿ' ಅಂದಿದ್ದರು, ನೀವು 'ಕೋಲಾರದ' ಅಂತ ಇಡೀ ಜಿಲ್ಲೆಗೆ ಹರಡಿಬಿಟ್ಟಿರಿ. 'ಪಾತ್ರ ಕಡಿಮೆಯಾಗಿದೆ' ಅಂದಿದ್ದರು, ನೀವು 'ಕೆಲಸ ಇಲ್ಲದಂತಾಯಿತು' ಅಂತ ಪೂರ್ತಿ ಮುಗಿಸಿಬಿಟ್ಟಿರಿ. ಮೌಖಿಕ ಪರೀಕ್ಷೆಯಲ್ಲಿ ಈ ಎರಡೂ ಕಡೆ ಪ್ರಶ್ನೆ ಬರುತ್ತೆ. ನಿಮ್ಮ ವಾಕ್ಯದ ಓಟ ಮಾತ್ರ ನನಗೂ ಇಷ್ಟವಾಯಿತು. ಆ ಓಟ ಇಟ್ಟುಕೊಂಡೇ ಅಳತೆ ತಪ್ಪದ ಹಾಗೆ ಬರೆಯೋದು ಹೇಗೆ ಅಂತ ನೋಡೋಣ.

ಕೆರೆಯಂಗಳ ಅವರೇ, ನಾನು ಸಂಶೋಧನಾ ಲೇಖನಗಳ ಕರಡು ತಿದ್ದುವ ಕೆಲಸ ಮಾಡುತ್ತೇನೆ. ಇಂಥ ವಾಕ್ಯ ಬಂದರೆ ನಾನು ಮೊದಲು ಪದ ಕತ್ತರಿಸಲು ಹೋಗುವುದಿಲ್ಲ. ಇಲ್ಲಿ ನಿಜವಾಗಿ ನಡೆದದ್ದು ಏನೇನು ಅಂತ ಹುಡುಕುತ್ತೇನೆ. ನಿಮ್ಮ ವಾಕ್ಯದಲ್ಲಿ ನಡೆದದ್ದು ನಾಲ್ಕೇ. ನೀವು ಹಳ್ಳಿಗಳಿಗೆ ಹೋದಿರಿ. ಅಲ್ಲಿ ಕೊಳವೆಬಾವಿಗಳು ಹೆಚ್ಚಿದವು. ರೈತರು ಕೆರೆ ನೀರನ್ನು ನೆಚ್ಚುವುದು ಕಡಿಮೆಯಾಯಿತು. ನೀರುಗಂಟಿಗಳಿಗೆ ಏನೋ ಆಯಿತು.

ಹೋಗುವುದು, ಹೆಚ್ಚುವುದು, ನೆಚ್ಚುವುದು, ಎಲ್ಲ ಕ್ರಿಯೆಗಳು. ಅವುಗಳನ್ನು ನೀವು ಹೆಸರುಗಳಾಗಿ ಕೂರಿಸಿದ್ದೀರಿ: ಕ್ಷೇತ್ರಕಾರ್ಯ, ಹೆಚ್ಚಳ, ಅವಲಂಬನೆ, ಇಳಿಕೆ, ಪಾತ್ರ. ಹೀಗೆ ಕೂರಿಸಿದ ಮೇಲೂ ವಾಕ್ಯ ಮುಗಿಸೋಕೆ ಕ್ರಿಯಾಪದ ಬೇಕಲ್ಲ. ಅದಕ್ಕೆ ಕೈಗೊಳ್ಳಲಾಗಿದ್ದು, ಉಂಟಾದ, ಉಂಟಾಗಿರುವುದನ್ನು, ಹೇಳಬಹುದಾಗಿದೆ ಅಂತ ಒಳಗೆ ಏನೂ ಇಲ್ಲದ ಕ್ರಿಯಾಪದಗಳು ಬಂದು ಸೇರಿಕೊಳ್ಳುತ್ತವೆ. ವಾಕ್ಯ ಉದ್ದವಾಗೋದು ಇಲ್ಲಿಂದ. 'ಅವಲಂಬನೆ' ಅನ್ನೋ ಪದ ಸಂಸ್ಕೃತದ್ದು ಅಂತ ಅಲ್ಲ. 'ರೈತರ ಅವಲಂಬನೆ ಕಡಿಮೆಯಾಯಿತು' ಅಂತ ಬರೆದರೆ ಯಾರಿಗೂ ಕಷ್ಟ ಆಗುವುದಿಲ್ಲ.

ಇನ್ನೊಂದು ವಿಷಯ. 'ಕ್ಷೀಣಿಸಲ್ಪಟ್ಟಿದೆ' ವ್ಯಾಕರಣದಲ್ಲೇ ನಿಲ್ಲುವುದಿಲ್ಲ. ಕ್ಷೀಣಿಸು ಅಕರ್ಮಕ, ಅದು ತಾನಾಗಿ ಆಗುವಂಥದ್ದು. ಯಾರೋ ಏನನ್ನೋ ಕ್ಷೀಣಿಸುವುದಿಲ್ಲ. ಹಾಗಾಗಿ ಅದಕ್ಕೆ 'ಅಲ್ಪಡು' ಹತ್ತುವುದಿಲ್ಲ.

ಈಗ ನನ್ನ ಪ್ರಶ್ನೆ. ನೀರುಗಂಟಿಗಳಿಗೆ 'ಏನೋ ಆಯಿತು' ಅಂದೆನಲ್ಲ, ಏನಾಯಿತು? ನಿಮ್ಮ ವಾಕ್ಯದಲ್ಲಿ ನನಗೆ ಅದು ಸಿಗಲಿಲ್ಲ.

ಲಕ್ಷ್ಮಿ ಎಚ್.

ನನಗೂ ಇದೇ ಸಮಸ್ಯೆ. ಸಾಫ್ಟ್‌ವೇರ್ ಪರಿಶೀಲನೆಯಲ್ಲಿ ಬೇರೆಯವರ ಬರಹದ ಜೊತೆ ಸಾಮ್ಯತೆ ಜಾಸ್ತಿ ತೋರಿಸಿದೆ. ಹೀಗೆ ವಾಕ್ಯ ಬದಲಾಯಿಸಿಕೊಂಡು ಹೋದರೆ ಶೇಕಡಾ ಕಡಿಮೆ ಬರುತ್ತಾ? ಎಷ್ಟರವರೆಗೆ ಬಿಡುತ್ತಾರೆ?

ಕರಡು ತಿದ್ದುವವ

ಲಕ್ಷ್ಮಿ ಅವರೇ, ಅದು ಬೇರೆ ವಿಷಯ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಸಾಮ್ಯತೆಗೆ ದಂಡ ಇಲ್ಲ. ಆದರೆ ಇನ್ನೊಬ್ಬರ ವಿಚಾರವನ್ನು ಎಷ್ಟು ತಿದ್ದಿ ಬರೆದರೂ ಅದು ಅವರದ್ದೇ, ಆಕರ ಕೊಡಲೇಬೇಕು. ಇಲ್ಲಿ ನಾವು ತಿದ್ದುತ್ತಿರುವುದು ಅವರ ಸ್ವಂತ ವಾಕ್ಯವನ್ನು. ನಿಮ್ಮದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಮಾತಾಡೋಣ.

ಕೆರೆಯಂಗಳ

ಸರ್, ನಿಮ್ಮ ಪ್ರಶ್ನೆಗೆ ಉತ್ತರ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. ಹೋಗಿದ್ದು ಹದಿನಾಲ್ಕು ಹಳ್ಳಿಗಳಿಗೆ. ಹಿಂದೆ ಸುಗ್ಗಿಯ ಕಾಲದಲ್ಲಿ ಕೆರೆ ಕೆಳಗೆ ಜಮೀನಿದ್ದ ಅಚ್ಚುಕಟ್ಟುದಾರರು ನೀರುಗಂಟಿಗೆ ಭತ್ತ, ರಾಗಿಯ ಪಾಲು ಕೊಡುತ್ತಿದ್ದರು. ಹನ್ನೆರಡು ಹಳ್ಳಿಗಳಲ್ಲಿ ಆ ಪಾಲು ನಿಂತಿದೆ. ತೂಬು ಎತ್ತುವವರೂ ಅಲ್ಲಿ ಯಾರೂ ಇಲ್ಲ. ಉಳಿದ ಎರಡರಲ್ಲಿ ಈಗಲೂ ನೀರುಗಂಟಿ ಇದ್ದಾರೆ, ಪಾಲೂ ಕೊಡುತ್ತಾರೆ. ಇದನ್ನು ನಾನು 'ಪಾತ್ರ' ಅಂತ ಒಂದೇ ಪದದಲ್ಲಿ ಹೇಳಿದ್ದೆ.

ಕರಡು ತಿದ್ದುವವ

ನಿಮ್ಮ ಅಧ್ಯಾಯದ ಬೆಲೆ ಇರೋದೇ ಇಲ್ಲಿ. ಹೀಗೆ ಬರೆದರೆ ಹೇಗೆ ನೋಡಿ:

"ಕ್ಷೇತ್ರಕಾರ್ಯ ನಡೆಸಿದ ಹದಿನಾಲ್ಕು ಹಳ್ಳಿಗಳಲ್ಲಿ ಕೊಳವೆಬಾವಿಗಳು ಹೆಚ್ಚಿದ್ದರಿಂದ ರೈತರು ಕೆರೆ ನೀರನ್ನು ಅವಲಂಬಿಸುವುದು ಕಡಿಮೆಯಾಯಿತು. ನೀರುಗಂಟಿಗೆ ಸುಗ್ಗಿಯಲ್ಲಿ ಕೊಡುತ್ತಿದ್ದ ಧಾನ್ಯದ ಪಾಲು ಹನ್ನೆರಡು ಹಳ್ಳಿಗಳಲ್ಲಿ ನಿಂತುಹೋಗಿದೆ. ಅಲ್ಲೀಗ ತೂಬು ಎತ್ತುವವರೂ ಇಲ್ಲ. ಉಳಿದ ಎರಡರಲ್ಲಿ ಮಾತ್ರ ಈ ಪದ್ಧತಿ ಮುಂದುವರಿದಿದೆ."

ಇದು ಮಾತಾಡುವ ಕನ್ನಡಕ್ಕೆ ಹತ್ತಿರ ಇದೆ. ಆದರೂ ಇದನ್ನು ಪತ್ರಿಕೆಯ ವರದಿ ಅನ್ನಲು ಆಗುವುದಿಲ್ಲ. ಎಲ್ಲಿ ನೋಡಿದ್ದು, ಎಷ್ಟರಲ್ಲಿ ನೋಡಿದ್ದು, ಎಷ್ಟರಲ್ಲಿ ಹಾಗಿಲ್ಲ ಅನ್ನೋದು ಸ್ಪಷ್ಟವಾಗಿದೆ. ಪ್ರಬಂಧದ ಗಾಂಭೀರ್ಯ ಬರೋದು ಇದರಿಂದ. 'ಗಣನೀಯ ಪ್ರಮಾಣದ' ಅಂದರೆ ಬರುವುದಿಲ್ಲ. ಎಷ್ಟು ಗಣನೀಯ ಅಂತ ನಿಮ್ಮ ಹತ್ತಿರ ಲೆಕ್ಕ ಇದ್ದರೆ ಲೆಕ್ಕವನ್ನೇ ಕೊಡಿ, ಇಲ್ಲದಿದ್ದರೆ ಆ ಪದ ಬೇಡ.

ಮಾಲೂರಿನವ

ನಾನು ಓದಿದವನಲ್ಲ, ಸಂಶೋಧನೆಯೂ ಗೊತ್ತಿಲ್ಲ. ನಮ್ಮ ತಾತ ನೀರುಗಂಟಿ ಆಗಿದ್ದರು, ಅದಕ್ಕೆ ಬರೆಯುತ್ತಿದ್ದೇನೆ. ಬೋರ್‌ವೆಲ್ ಹೆಚ್ಚಿದ್ದರಿಂದ ಕೆರೆ ಬಿಟ್ಟರು ಅಂತ ಬರೆದಿದ್ದೀರಿ. ನಮ್ಮ ಊರಿನಲ್ಲಿ ನಡೆದದ್ದು ಉಲ್ಟಾ. ಕೆರೆಗೆ ಹೂಳು ತುಂಬಿತು, ರಾಜಕಾಲುವೆ ಮುಚ್ಚಿತು, ಮಳೆ ಬಂದರೂ ನೀರು ನಿಲ್ಲಲಿಲ್ಲ. ಅದಕ್ಕೇ ಜನ ಬೋರ್ ಕೊರೆಸಿದರು. ತಾತನ ಕೆಲಸ ಅಷ್ಟರಲ್ಲಿ ಹೋಗಿತ್ತು. ಜೊತೆಗೆ ಆ ಕೆಲಸಕ್ಕೆಂದು ಅವರಿಗಿದ್ದ ಇನಾಂ ಜಮೀನಿನ ತಕರಾರು ಬೇರೆ.

ಕರಡು ತಿದ್ದುವವ

ಅಣ್ಣ, ತುಂಬಾ ಒಳ್ಳೆಯದಾಯಿತು ನೀವು ಬರೆದದ್ದು. ವಾಕ್ಯ ತಿದ್ದುವಾಗ ಜಾಸ್ತಿ ಜಾರುವ ಜಾಗ ಇದೇ.

ಕನ್ನಡದಲ್ಲಿ ಎರಡು ಸಂಗತಿಗಳನ್ನು ಜೋಡಿಸಲು ಒಂದು ಚಿಕ್ಕ ಪ್ರತ್ಯಯ ಸಾಕು. 'ಹೆಚ್ಚಿದ್ದರಿಂದ' ಅಂದರೆ ಕಾರಣ. 'ಹೆಚ್ಚಿದ ಮೇಲೆ' ಅಂದರೆ ಕಾಲ, ಮೊದಲು ಇದು ಆಮೇಲೆ ಅದು. 'ಹೆಚ್ಚಿದಂತೆ' ಅಂದರೆ ಎರಡೂ ಜೊತೆಜೊತೆಗೆ ನಡೆದವು ಅಂತ ಅಷ್ಟೇ, ಯಾವುದರಿಂದ ಯಾವುದು ಅಂತ ಹೇಳಿದ ಹಾಗಾಗುವುದಿಲ್ಲ. ಕರಡಿನಲ್ಲಿ 'ಪರಿಣಾಮವಾಗಿ' ಅಂತ ಇತ್ತು, ನಾನು ಅದನ್ನು 'ಹೆಚ್ಚಿದ್ದರಿಂದ' ಅಂತ ಇಳಿಸಿದೆ. ಅರ್ಥ ಬದಲಾಗಿಲ್ಲ. ಆದರೆ ಉದ್ದ ವಾಕ್ಯದ ಮಧ್ಯೆ ಯಾರ ಕಣ್ಣಿಗೂ ಬೀಳದೆ ಇದ್ದ ವಾದ ಈಗ ಎದ್ದು ಕಾಣುತ್ತಿದೆ. ಮಾಲೂರಿನ ಅಣ್ಣ ಹಿಡಿದದ್ದು ಅದನ್ನೇ.

ಇನಾಂ ವಿಷಯವೂ ಹಗುರವಾದದ್ದಲ್ಲ. ಆನುವಂಶಿಕ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಹಾಗಾದರೆ ನೀರುಗಂಟಿಯ ಸ್ಥಾನ ಇಳಿಯಲು ಕೊಳವೆಬಾವಿ, ಹೂಳು, ಕಾನೂನು ಅಂತ ಮೂರು ಕಾರಣಗಳು ಕಾಣುತ್ತಿವೆ. ಕೆರೆಯಂಗಳ ಅವರೇ, ಯಾವುದು ಮೊದಲು ಅಂತ ತೋರಿಸುವ ದಾಖಲೆ ನಿಮ್ಮ ಹತ್ತಿರ ಇದೆಯಾ? ಇದ್ದರೆ 'ದ್ದರಿಂದ' ಇಟ್ಟುಕೊಳ್ಳಿ. ಇಲ್ಲದಿದ್ದರೆ 'ಹೆಚ್ಚಿದಂತೆ' ಸುರಕ್ಷಿತ.

ಕೆರೆಯಂಗಳ

ಹಳ್ಳಿಯವರು ಹೇಳಿದ ನೆನಪುಗಳಿವೆ. ಕೆಲವರು ಮಾಲೂರಿನ ಅಣ್ಣನ ಹಾಗೆಯೇ ಹೇಳಿದ್ದಾರೆ, ಕೆಲವರು ಬೋರ್‌ವೆಲ್ಲೇ ಮೊದಲು ಬಂತು ಅಂದಿದ್ದಾರೆ. ವರ್ಷವಾರು ದಾಖಲೆ ಇಲ್ಲ. ಹಾಗಾಗಿ 'ಹೆಚ್ಚಿದಂತೆ' ಮಾಡುತ್ತೇನೆ. ಅಣ್ಣ, ನಿಮ್ಮ ಜೊತೆ ಮಾತಾಡಬೇಕು, ಸಂದೇಶ ಕಳಿಸಿದ್ದೇನೆ.

ಒಂದು ಅನುಮಾನ ಇದೆ ಸರ್. 'ಹೇಳಬಹುದಾಗಿದೆ' ಅಂತ ಹಾಕಿದ್ದು ಎಚ್ಚರಿಕೆಗೆ. ಖಚಿತವಾಗಿ ಹೇಳಿದರೆ ಅಹಂಕಾರ ಅನ್ನಿಸುವುದಿಲ್ಲವಾ?

ಕರಡು ತಿದ್ದುವವ

ಎಚ್ಚರಿಕೆ ಬೇಕು, ಆದರೆ ಯಾವ ಮಾತಿಗೆ ಅಂತ ಗೊತ್ತಿರಬೇಕು. ಹನ್ನೆರಡು ಹಳ್ಳಿಗಳಲ್ಲಿ ಪಾಲು ನಿಂತಿದೆ ಅನ್ನೋದನ್ನು ನೀವೇ ಹೋಗಿ ವಿಚಾರಿಸಿದ್ದೀರಿ. 'ನಿಂತಿರುವುದನ್ನು ಗಮನಿಸಬಹುದಾಗಿದೆ' ಅಂತ ಬರೆದರೆ ನಿಮ್ಮ ಕಣ್ಣನ್ನೇ ನೀವು ನಂಬದ ಹಾಗೆ. ಅಲ್ಲಿ 'ನಿಂತಿದೆ' ಅಂತ ನೇರವಾಗಿ ಹೇಳಿ. ಯಾಕೆ ನಿಂತಿತು ಅನ್ನೋದು ನಿಮ್ಮ ಊಹೆ. ಅಲ್ಲಿ 'ಕೊಳವೆಬಾವಿಗಳು ಹೆಚ್ಚಿದ್ದು ಇದಕ್ಕೆ ಒಂದು ಕಾರಣ ಇರಬಹುದು' ಅನ್ನಿ. ಒಂದು 'ಬಹುದು' ಸಾಕು. ನಿಮ್ಮ ಕರಡಿನಲ್ಲಿ 'ಗಮನಿಸಬಹುದಾಗಿದ್ದು', 'ಹೇಳಬಹುದಾಗಿದೆ' ಅಂತ ಎರಡಿವೆ. ಅಷ್ಟಿದ್ದರೂ ನಿಜವಾಗಿ ಅನುಮಾನ ಇರುವ 'ಪರಿಣಾಮವಾಗಿ' ಅನ್ನೋ ಮಾತಿಗೆ ಒಂದೂ ಇಲ್ಲ.

ಧಾರವಾಡದ ಓದುಗ

ಒಳ್ಳೆ ಚರ್ಚೆ ನಡೆಸೀರಿ. ನಾನು ಕಚೇರಿಯೊಳಗೆ ಕಡತ ಬರೆಯುವವನು, ಜೊತೆಗೆ ಇತಿಹಾಸದಾಗ ಪಿಎಚ್.ಡಿ. ನಡೆದದ. 'ಸದರಿ', 'ಮೇಲ್ಕಂಡ', 'ಕ್ರಮ ಕೈಗೊಳ್ಳಲಾಗಿದೆ' ಇವೆಲ್ಲ ಕಚೇರಿಯಿಂದ ನನ್ನ ಪ್ರಬಂಧಕ್ಕೆ ಹಂಗೇ ಬಂದುಬಿಡ್ತಾವ. ಆದರ ನನ್ನ ತೊಡಕು ಬ್ಯಾರೆ ಅದರಿ. ನಮ್ಮ ಗೈಡ್ ಸರ್ 'ನಾನು' ಅಂತ ಬರೆಯಾಕ ಬಿಡೂದಿಲ್ಲ. "ಸಂಶೋಧಕರು ಈ ಶಾಸನವನ್ನು ಪರಿಶೀಲಿಸಿರುತ್ತಾರೆ" ಅಂತ ನನ್ನ ಬಗ್ಗೆ ನಾನೇ ಬರೀಬೇಕು. ಓದುವವರು ಯಾವ ಸಂಶೋಧಕರು ಅಂತ ಕೇಳ್ತಾರ. ಏನು ಮಾಡೂದು?

ಸರಳಗನ್ನಡ

ಅದಕ್ಕೇ ಹೇಳಿದ್ದು, ಇಂಥ ಕಡೆ 'ಲಾಗಿದೆ' ಹಾಕೋದೂ ತಪ್ಪೇ. 'ನಾನು' ಅಂತ ಧೈರ್ಯವಾಗಿ ಬರೆಯಿರಿ.

ಕರಡು ತಿದ್ದುವವ

'ಲಾಗಿದೆ' ಎಲ್ಲ ಕಡೆಯೂ ತಪ್ಪಲ್ಲ ಮಾರಾಯರೇ. ಮಾಡಿದವರು ಯಾರು ಅನ್ನೋದು ಮುಖ್ಯವಲ್ಲದ ಕಡೆ ಅದೇ ಸಹಜ. 'ಸಂದರ್ಶನಗಳನ್ನು ಧ್ವನಿಮುದ್ರಿಸಲಾಗಿದೆ' ಅನ್ನೋ ವಾಕ್ಯದಲ್ಲಿ ಏನೂ ತೊಂದರೆ ಇಲ್ಲ. ಯಾರು ಅನ್ನೋದೇ ಮುಖ್ಯವಾಗಿರುವ ಕಡೆ ಅದನ್ನು ಹಾಕಿದಾಗ ತೊಂದರೆ. 'ಕೆರೆ ಜಾಗವನ್ನು ಒತ್ತುವರಿ ಮಾಡಲಾಗಿದೆ' ಅಂತ ಬರೆದರೆ ಒತ್ತುವರಿ ಮಾಡಿದವರು ಮಾಯವಾಗುತ್ತಾರೆ. ಗೊತ್ತಿದ್ದರೆ ಯಾರು ಅಂತ ಬರೆಯಬೇಕು. ಗೊತ್ತಿಲ್ಲದಿದ್ದರೆ ಗೊತ್ತಾಗಿಲ್ಲ ಅಂತ ಬರೆಯಬೇಕು.

ಧಾರವಾಡದವರಿಗೆ: ಕನ್ನಡದಲ್ಲಿ ಕರ್ತೃವನ್ನು ಬಿಟ್ಟೂ ವಾಕ್ಯ ನಿಲ್ಲುತ್ತೆ. "ಈ ಶಾಸನದ ಪಾಠವನ್ನು ಎರಡು ಪ್ರತಿಗಳೊಂದಿಗೆ ಹೋಲಿಸಿ ನೋಡಿದಾಗ ಮೂರನೇ ಸಾಲಿನಲ್ಲಿ ವ್ಯತ್ಯಾಸ ಕಂಡಿತು." 'ನಾನು' ಇಲ್ಲ, 'ಸಂಶೋಧಕರು' ಇಲ್ಲ, ನೋಡಿದ್ದು ನೀವೇ ಅಂತ ಗೊತ್ತಾಗುತ್ತೆ. ಆದರೆ ಇದು ನೋಡಿದ್ದಕ್ಕೆ, ಮಾಡಿದ್ದಕ್ಕೆ ಮಾತ್ರ ಒದಗುತ್ತೆ. ಬೇರೆ ವಿದ್ವಾಂಸರ ಮಾತನ್ನು ಒಪ್ಪದೆ ನಿಮ್ಮ ವಾದ ಮುಂದಿಡುವ ಕಡೆ ಯಾರ ವಾದ ಅಂತ ಹೇಳಲೇಬೇಕು. ಅಲ್ಲಿ ನಾನು 'ನಾನು' ಕಡೆಗೇ.

ಗಂಗಾ ಮೇಷ್ಟ್ರು

ಅದನ್ನು ನಾನು ಒಪ್ಪುವುದಿಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದೇನೆ. 'ನಾನು' ಬಂದ ಕೂಡಲೇ ವಿದ್ಯಾರ್ಥಿಗಳು ಪುರಾವೆ ಬಿಟ್ಟು ಅಭಿಪ್ರಾಯಕ್ಕೆ ಇಳಿಯುತ್ತಾರೆ. 'ಪ್ರಸ್ತುತ ಅಧ್ಯಯನ' ಅಂತ ಬರೆಯುವ ಶಿಸ್ತು ಇದ್ದರೆ ಪ್ರತಿ ಮಾತಿಗೂ ಅಧ್ಯಯನದಲ್ಲಿ ಆಧಾರ ಇದೆಯಾ ಅಂತ ಕೇಳಿಕೊಳ್ಳುತ್ತಾರೆ. ಸ್ವಲ್ಪ ಬಿಗಿ ಇರಲಿ.

ಕರಡು ತಿದ್ದುವವ

ಮೇಷ್ಟ್ರೇ, ನಿಮ್ಮ ಆತಂಕ ಅರ್ಥವಾಗುತ್ತೆ. ಆದರೆ 'ಪ್ರಸ್ತುತ ಅಧ್ಯಯನವು ಅಭಿಪ್ರಾಯಪಡುತ್ತದೆ' ಅಂತ ಬರೆದು ಆಧಾರ ಕೊಡದವರನ್ನೂ ನಾನು ಬೇಕಾದಷ್ಟು ನೋಡಿದ್ದೇನೆ. ಇದು ಇಲ್ಲಿ ಬಗೆಹರಿಯುವ ವಿಷಯವಲ್ಲ. ವಿದ್ಯಾರ್ಥಿಗಳು ಅವರವರ ವಿಭಾಗದ ರೂಢಿ ನೋಡಿಕೊಳ್ಳಲಿ.

ಕೆರೆಯಂಗಳ

ಇನ್ನೊಂದು ವಾಕ್ಯ ನಾನೇ ತಿದ್ದಿದ್ದೇನೆ. ಹಳೆಯದು:

"ನೀರುಗಂಟಿಗಳಾಗಿ ಕಾರ್ಯನಿರ್ವಹಿಸುತ್ತಿದ್ದವರು ಬಹುತೇಕವಾಗಿ ಪರಿಶಿಷ್ಟ ಜಾತಿಗೆ ಸೇರಿದವರಾಗಿದ್ದಾರೆ ಎಂಬ ಅಂಶವು ಕಂಡುಬರುತ್ತದೆ. ಕೃಷಿಕರು ಜಲಾಶಯದ ನೀರನ್ನು ಪಡೆದುಕೊಳ್ಳುವಲ್ಲಿ ಇವರು ಮಹತ್ವದ ಪಾತ್ರವನ್ನು ಹೊಂದಿದ್ದರು."

ಹೊಸದು:

"ನೀರುಗಂಟಿಗಳಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಯವರು. ಯಾವ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನು ಇವರೇ ನೋಡಿಕೊಳ್ಳುತ್ತಿದ್ದರು."

ಕರಡು ತಿದ್ದುವವ

ಎರಡನೇ ವಾಕ್ಯಕ್ಕೆ ನಾನು ಕೈ ಹಾಕುವುದಿಲ್ಲ, ಅಷ್ಟು ಚೆನ್ನಾಗಿದೆ. 'ಮಹತ್ವದ ಪಾತ್ರ' ಹೋಗಿ ಅವರು ಮಾಡುತ್ತಿದ್ದ ಕೆಲಸ ಬಂತು.

ಮೊದಲನೆಯದರಲ್ಲಿ 'ಆಗಿದ್ದಾರೆ' ತೆಗೆದದ್ದು ಸರಿ. 'ಅವರು ಮೇಷ್ಟ್ರು' ಅಂದರೆ ಸಾಕು ನಮಗೆ, 'ಅವರು ಮೇಷ್ಟ್ರು ಆಗಿದ್ದಾರೆ' ಅಂತ ಯಾರೂ ಅನ್ನುವುದಿಲ್ಲ. ಆದರೆ ಕ್ರಿಯಾಪದ ಬಿಟ್ಟ ವಾಕ್ಯ ಈಗಿನ ಮಾತಾಗಿ ಕೇಳುತ್ತೆ. ನಿಮ್ಮ ಹಳೆಯ ವಾಕ್ಯದಲ್ಲಿ 'ಕಾರ್ಯನಿರ್ವಹಿಸುತ್ತಿದ್ದವರು' ಅಂತ ಹಿಂದಿನ ಕಾಲ ಇತ್ತು, ಹೊಸದರಲ್ಲಿ ಅದು ಉದುರಿದೆ. ಈಗ ನೀರುಗಂಟಿಗಳಿರುವುದು ಎರಡೇ ಹಳ್ಳಿಗಳಲ್ಲಿ ಅಂತ ನೀವೇ ಹೇಳಿದ್ದೀರಿ. "ಸಂದರ್ಶಿಸಿದ ಹಳ್ಳಿಗಳಲ್ಲಿ ನೀರುಗಂಟಿಗಳಾಗಿದ್ದವರಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಯವರು" ಅಂತ ಮಾಡಿ. ಸಂಖ್ಯೆ ಇದ್ದರೆ 'ಹೆಚ್ಚಿನವರು' ಬದಲು ಅದನ್ನೇ ಹಾಕಿ.

ಹಳೆಯದರಲ್ಲಿ 'ಜಲಾಶಯ' ಅಂತ ಇತ್ತಲ್ಲ, ಅಧ್ಯಾಯದ ಬೇರೆ ಕಡೆಯೂ ಇದೆಯಾ ನೋಡಿ. ಶಾಲೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಕಲಿಸುತ್ತಾರೆ. ಅದಕ್ಕೆ ಕೆರೆ, ಜಲಾಶಯ, ಜಲಮೂಲ ಅಂತ ಬದಲಾಯಿಸುತ್ತಾ ಹೋಗುತ್ತೇವೆ. ಪ್ರಬಂಧದಲ್ಲಿ ಅದು ಅಪಾಯ. ಜಲಾಶಯ ಅಂದರೆ ಓದುವವರ ತಲೆಗೆ ಕೆಆರ್‌ಎಸ್ ಥರದ್ದು ಬರುತ್ತೆ. ಹಾಗೆಯೇ ರೈತರು ಬೇರೆ, ಅಚ್ಚುಕಟ್ಟುದಾರರು ಬೇರೆ. ಕೆರೆ ಕೆಳಗೆ ಜಮೀನಿಲ್ಲದ ರೈತ ನೀರುಗಂಟಿಗೆ ಪಾಲು ಕೊಡುತ್ತಿರಲಿಲ್ಲ. ಮೇಲೆ ನನ್ನ ವಾಕ್ಯದಲ್ಲಿದ್ದ 'ರೈತರು' ಕೂಡ 'ಅಚ್ಚುಕಟ್ಟುದಾರರು' ಆಗಬೇಕೇನೋ ನೋಡಿ.

ಮಾಲೂರಿನವ

ಅದು ಸರಿ. ಖುಷ್ಕಿ ಜಮೀನಿನವರು ಪಾಲು ಕೊಡುತ್ತಿರಲಿಲ್ಲ. ಆದರೆ ಬೋರ್ ಕೊರೆಸಿದವರಲ್ಲಿ ಖುಷ್ಕಿಯವರೂ ಇದ್ದರು.

ಕೆರೆಯಂಗಳ

ಹಾಗಾದರೆ 'ಕೊಳವೆಬಾವಿ ಹೆಚ್ಚಿದಂತೆ' ಅನ್ನೋ ಕಡೆ ಎಲ್ಲ ರೈತರೂ ಬರುತ್ತಾರೆ, 'ಕೆರೆ ನೀರು ಅವಲಂಬಿಸುವುದು' ಅನ್ನೋ ಕಡೆ ಅಚ್ಚುಕಟ್ಟುದಾರರು ಮಾತ್ರ. ಹೀಗೆ ಮಾಡಿದ್ದೇನೆ:

"ಕ್ಷೇತ್ರಕಾರ್ಯ ನಡೆಸಿದ ಹದಿನಾಲ್ಕು ಹಳ್ಳಿಗಳಲ್ಲಿ ಕೊಳವೆಬಾವಿಗಳು ಹೆಚ್ಚಿದಂತೆ ಅಚ್ಚುಕಟ್ಟುದಾರರು ಕೆರೆ ನೀರನ್ನು ಅವಲಂಬಿಸುವುದು ಕಡಿಮೆಯಾಯಿತು. ಕೆರೆಯಲ್ಲಿ ಹೂಳು ತುಂಬಿದ ಮೇಲೆಯೇ ಕೊಳವೆಬಾವಿ ಕೊರೆಸಿದೆವು ಎಂದು ಕೆಲವರು ಹೇಳಿದರೆ, ಕೊಳವೆಬಾವಿಯೇ ಮೊದಲು ಬಂತು ಎಂದು ಇನ್ನು ಕೆಲವರು ಹೇಳಿದರು. ನೀರುಗಂಟಿಗೆ ಸುಗ್ಗಿಯಲ್ಲಿ ಕೊಡುತ್ತಿದ್ದ ಧಾನ್ಯದ ಪಾಲು ಹನ್ನೆರಡು ಹಳ್ಳಿಗಳಲ್ಲಿ ನಿಂತುಹೋಗಿದೆ. ಅಲ್ಲೀಗ ತೂಬು ಎತ್ತುವವರೂ ಇಲ್ಲ. ಉಳಿದ ಎರಡರಲ್ಲಿ ಮಾತ್ರ ಈ ಪದ್ಧತಿ ಮುಂದುವರಿದಿದೆ."

ಮೊದಲಿದ್ದದ್ದಕ್ಕಿಂತ ಇದು ಚಿಕ್ಕದಾಗಲಿಲ್ಲ ಅಲ್ವಾ ಸರ್?

ಕರಡು ತಿದ್ದುವವ

ಚಿಕ್ಕದಾಗಬೇಕಿಲ್ಲ. ಒಂದು ವಾಕ್ಯ ಐದಾಯಿತು, ಮೊದಲು ಇರದಿದ್ದ ಮೂರು ವಿಷಯ ಒಳಗೆ ಬಂದವು. ಉಳಿದ ಅಧ್ಯಾಯ ತಿದ್ದುವಾಗಲೂ ಹಳೆಯ ವಾಕ್ಯವನ್ನು ಅಳಿಸಬೇಡಿ, ಪಕ್ಕದಲ್ಲಿ ಇಟ್ಟುಕೊಳ್ಳಿ. ಹೊಸದು ಬರೆದಾದ ಮೇಲೆ 'ಆಯ್ದ', 'ಕೆಲವು', 'ಹಿಂದೆ' ಥರದ ಪದ ಯಾವುದಾದರೂ ಬಿದ್ದುಹೋಗಿದೆಯಾ ಅಂತ ಹೋಲಿಸಿ ನೋಡಿ. ವಾಕ್ಯ ಓದಲು ಹಿತವಾದಾಗಲೇ ಇಂಥವು ಗೊತ್ತಾಗದೆ ಬೀಳುವುದು.

ಗಂಗಾ ಮೇಷ್ಟ್ರು

'ನಿಂತುಹೋಗಿದೆ' ಬೇಡ, 'ನಿಂತಿದೆ' ಸಾಕು. 'ಹೋಗಿದೆ' ಅನ್ನೋದರಲ್ಲಿ ಮತ್ತೆ ಬರುವುದಿಲ್ಲ ಅನ್ನೋ ಧ್ವನಿ ಇದೆ. ಕೆ.ಸಿ. ವ್ಯಾಲಿ ಯೋಜನೆಯಿಂದ 2018ರ ನಂತರ ಕೋಲಾರದ ಎಷ್ಟೋ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ. ನಿಮ್ಮ ಹಳ್ಳಿಗಳಲ್ಲಿ ಅಂಥ ಕೆರೆ ಇದೆಯೇ? ಇದ್ದರೆ ಆ ವಾಕ್ಯ ಇನ್ನೊಮ್ಮೆ ಬರೆಯಬೇಕಾಗುತ್ತದೆ.

ಕೆರೆಯಂಗಳ

ಮೂರು ಕೆರೆಗಳಿಗೆ ಬರುತ್ತಿದೆ ಮೇಷ್ಟ್ರೇ. ಆದರೆ ಆ ನೀರು ಅಂತರ್ಜಲ ಹೆಚ್ಚಿಸಲು, ತೂಬಿನಿಂದ ಗದ್ದೆಗೆ ಬಿಡುವುದಿಲ್ಲ. ಕೆರೆ ತುಂಬಿದರೂ ತೂಬು ಎತ್ತುವ ಕೆಲಸ ಅಲ್ಲಿಲ್ಲ. ಇದಕ್ಕೆ ಬೇರೆಯೇ ಪ್ಯಾರಾ ಬೇಕು ಅನ್ನಿಸುತ್ತಿದೆ. 'ನಿಂತಿದೆ' ಅಂತಲೇ ತಿದ್ದಿದೆ.